ಇಳಿಜಾರಿನ ಮೇಲಿನ ಬ್ಲಾಕ್: ಅಕ್ಷಗಳನ್ನು ಎತ್ತ ತಿರುಗಿಸಬೇಕು, ಯಾಕೆ?

ಇಳಿಜಾರಿನ ಮೇಲೆ ಒಂದು ಬ್ಲಾಕ್ ಇದೆ. ಮೇಲ್ಮೈಯಲ್ಲಿ ಘರ್ಷಣೆ ಇದೆ. ಬ್ಲಾಕ್ ಜಾರುತ್ತದೆಯೇ, ಜಾರಿದರೆ ಎಷ್ಟು ವೇಗೋತ್ಕರ್ಷದಿಂದ? ಈ ಲೆಕ್ಕ ಕಂಡ ಕೂಡಲೇ ಹೆಚ್ಚಿನವರು x ಅಕ್ಷವನ್ನು ಇಳಿಜಾರಿನ ಉದ್ದಕ್ಕೆ ಓರೆಯಾಗಿ ಎಳೆದುಬಿಡುತ್ತಾರೆ. ಯಾಕೆ ಅಂತ ಕೇಳಿದರೆ, "ಇಳಿಜಾರು ಬಂದರೆ ಹಾಗೇ ಮಾಡಬೇಕು" ಅನ್ನುತ್ತಾರೆ. ಉತ್ತರ ಸರಿ ಬರುತ್ತದೆ, ನಿಜ. ಆದರೆ ಕಾರಣ ಗೊತ್ತಿಲ್ಲದಿದ್ದರೆ ಲೆಕ್ಕ ಸ್ವಲ್ಪ ಬದಲಾದಾಗ ಕೈ ಕೊಡುತ್ತದೆ. ಹಾಗಾಗಿ ಮೊದಲು ಕಾರಣ ನೋಡೋಣ, ಆಮೇಲೆ ಒಂದೇ ಬ್ಲಾಕನ್ನು ಇಟ್ಟುಕೊಂಡು ಪೂರ್ತಿ ಲೆಕ್ಕ ಮಾಡೋಣ.

ಒಂದು ಪದದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ "ಲಂಬ" ಅನ್ನುವುದನ್ನು ಎರಡು ಅರ್ಥದಲ್ಲಿ ಬಳಸುತ್ತೇವೆ. ನೆಲದಿಂದ ನೆಟ್ಟಗೆ ಮೇಲಕ್ಕೆ ಇರುವುದನ್ನೂ ಲಂಬ ಅನ್ನುತ್ತೇವೆ, ಯಾವುದೋ ಒಂದು ಮೇಲ್ಮೈಗೆ 90 ಡಿಗ್ರಿ ಇರುವುದನ್ನೂ ಲಂಬ ಅನ್ನುತ್ತೇವೆ. ಸಮತಟ್ಟಾದ ಮೇಜಿನ ಮೇಲೆ ಎರಡೂ ಒಂದೇ ದಿಕ್ಕು. ಇಳಿಜಾರಿನಲ್ಲಿ ಎರಡೂ ಬೇರೆ ಬೇರೆ. ಇಲ್ಲಿ ನಾನು "ಲಂಬ" ಅಂದರೆ ಇಳಿಜಾರಿನ ಮೇಲ್ಮೈಗೆ 90 ಡಿಗ್ರಿ ಅಂತ ಮಾತ್ರ ಅರ್ಥ. ಭೂಮಿಯ ಕಡೆಗೆ ಇರುವ ದಿಕ್ಕಿಗೆ "ನೆಟ್ಟಗೆ ಕೆಳಕ್ಕೆ" ಅನ್ನುತ್ತೇನೆ.

ನಮ್ಮ ಬ್ಲಾಕ್

ಬ್ಲಾಕಿನ ರಾಶಿ m = 4 kg. ಇಳಿಜಾರು ನೆಲದ ಜೊತೆ ಮಾಡುವ ಕೋನ θ = 30°. ಸ್ಥಿರ ಘರ್ಷಣೆಯ ಗುಣಾಂಕ μs = 0.5, ಚಲನ ಘರ್ಷಣೆಯ ಗುಣಾಂಕ μk = 0.4. g = 9.8 m/s². ಹಾಗಾದರೆ ಬ್ಲಾಕಿನ ತೂಕ mg = 39.2 N. ಇಳಿಜಾರು ಅಲುಗಾಡದೆ ನೆಲಕ್ಕೆ ಗಟ್ಟಿಯಾಗಿ ಕೂತಿದೆ.

ಬ್ಲಾಕಿನ ಮೇಲೆ ಮೂರೇ ಬಲಗಳು. ತೂಕ mg ನೆಟ್ಟಗೆ ಕೆಳಕ್ಕೆ. ಮೇಲ್ಮೈ ಒತ್ತುವ ಬಲ N, ಅಂದರೆ ನಾರ್ಮಲ್ ಬಲ, ಇಳಿಜಾರಿಗೆ ಲಂಬವಾಗಿ ಹೊರಗಡೆಗೆ. ಘರ್ಷಣೆ f ಇಳಿಜಾರಿನ ಉದ್ದಕ್ಕೆ. ಬೇರೆ ಏನನ್ನೂ ಬರೆಯಬೇಡಿ. "ಕೆಳಕ್ಕೆ ಜಾರಿಸುವ ಬಲ" ಅಂತ ನಾಲ್ಕನೆಯದನ್ನು ಸೇರಿಸುವವರು ತುಂಬಾ ಜನ ಇದ್ದಾರೆ. ಹಾಗೆ ಬೇರೆ ಬಲ ಇಲ್ಲ. ಅದು ತೂಕದ್ದೇ ಒಂದು ಭಾಗ.

ಚಿತ್ರ ಬರೆಯುವಾಗ ಇಳಿಜಾರನ್ನು 45° ತರಹ ಬರೆಯಬೇಡಿ. 45° ಯಲ್ಲಿ ಸೈನ್, ಕೊಸೈನ್ ಎರಡೂ ಒಂದೇ. ತಪ್ಪು ಮಾಡಿದರೂ ಚಿತ್ರ ನೋಡಿ ಗೊತ್ತಾಗುವುದಿಲ್ಲ. ಲೆಕ್ಕದಲ್ಲಿ ಎಷ್ಟೇ ಕೋನ ಕೊಟ್ಟಿರಲಿ, ಕಾಗದದ ಮೇಲೆ ಸುಮಾರು 20° ಇಳಿಜಾರು ಎಳೆಯಿರಿ. ಆಗ ಯಾವ ಭಾಗ ಚಿಕ್ಕದು, ಯಾವುದು ದೊಡ್ಡದು ಅಂತ ಕಣ್ಣಿಗೇ ಕಾಣುತ್ತದೆ.

ಅಕ್ಷ ತಿರುಗಿಸದೆ ಮಾಡಿದರೆ ಏನಾಗುತ್ತದೆ?

ಒಂದು ಸಲ ಹಳೆಯ ಹಾಗೆಯೇ ಮಾಡಿ ನೋಡೋಣ: x ಅಕ್ಷ ನೆಲಕ್ಕೆ ಸಮಾನಾಂತರ, y ಅಕ್ಷ ನೆಟ್ಟಗೆ ಮೇಲಕ್ಕೆ. ಬ್ಲಾಕ್ ಕೆಳಕ್ಕೆ ಜಾರುತ್ತಿದೆ, ವೇಗೋತ್ಕರ್ಷ a ಅಂತ ಇಟ್ಟುಕೊಳ್ಳಿ. ಆಗ N ಎರಡು ಭಾಗ ಆಗುತ್ತದೆ, f ಎರಡು ಭಾಗ ಆಗುತ್ತದೆ, a ಕೂಡ ಎರಡು ಭಾಗ ಆಗುತ್ತದೆ. ತೂಕ ಒಂದೇ ಹಾಗೇ ಉಳಿಯುತ್ತದೆ.

```
x :  N sin θ − f cos θ = m a cos θ
y :  N cos θ + f sin θ − m g = − m a sin θ
```

ಎರಡು ಸಮೀಕರಣದಲ್ಲೂ N ಇದೆ, ಎರಡರಲ್ಲೂ a ಇದೆ. f = μk N ಅಂತ ಹಾಕಿದ ಮೇಲೂ ಎರಡನ್ನೂ ಒಟ್ಟಿಗೆ ಬಿಡಿಸಬೇಕು. ಸಂಖ್ಯೆ ಹಾಕಿ ಬಿಡಿಸಿದರೆ N = 33.95 N, a = 1.5 m/s² ಬರುತ್ತದೆ. ಉತ್ತರ ಸರಿ. ಈ ಅಕ್ಷಗಳು ತಪ್ಪೇನಲ್ಲ. ಪ್ರಕೃತಿಗೆ ನಮ್ಮ ಅಕ್ಷ ಯಾವುದು ಅನ್ನುವುದು ಮುಖ್ಯ ಅಲ್ಲ. ಕಷ್ಟ ಆಗಿದ್ದು ನಮ್ಮ ಕೈಗೆ ಮಾತ್ರ.

ಎಲ್ಲಿ ಕಷ್ಟ ಆಯಿತು ಅಂತ ನೋಡಿ. ಬ್ಲಾಕ್ ಯಾವ ದಿಕ್ಕಿಗೆ ಹೋಗುತ್ತದೆ ಅಂತ ನಮಗೆ ಮೊದಲೇ ಗೊತ್ತಿತ್ತು: ಇಳಿಜಾರಿನ ಉದ್ದಕ್ಕೆ. ಅದು ಮೇಲ್ಮೈಯೊಳಗೆ ಹೂತುಹೋಗುವುದಿಲ್ಲ, ಗಾಳಿಗೆ ಹಾರುವುದೂ ಇಲ್ಲ. ಅಂದರೆ ಲಂಬ ದಿಕ್ಕಿನಲ್ಲಿ ವೇಗೋತ್ಕರ್ಷ ಸೊನ್ನೆ. ಇಷ್ಟು ದೊಡ್ಡ ಮಾಹಿತಿ ಕೈಯಲ್ಲಿದ್ದರೂ ಆ ಅಕ್ಷಗಳಲ್ಲಿ ಅದನ್ನು ಬಳಸಲು ಆಗಲಿಲ್ಲ, ಯಾಕೆಂದರೆ a ಎರಡೂ ಅಕ್ಷಗಳ ಮೇಲೆ ಹಂಚಿಹೋಯಿತು.

ಅಕ್ಷ ಆರಿಸುವ ನಿಜವಾದ ನಿಯಮ ಇಲ್ಲಿದೆ. ಒಂದು ಅಕ್ಷವನ್ನು ವೇಗೋತ್ಕರ್ಷದ ದಿಕ್ಕಿಗೆ ಇಡಿ. ಆಗ ಇನ್ನೊಂದು ಅಕ್ಷದಲ್ಲಿ ವೇಗೋತ್ಕರ್ಷ ಸೊನ್ನೆ ಆಗುತ್ತದೆ, ಆ ಸಮೀಕರಣ ನೇರವಾಗಿ N ಕೊಡುತ್ತದೆ. ಇಳಿಜಾರಿನ ಆಕಾರ ಓರೆ ಇದೆ ಅಂತ ಅಕ್ಷ ಓರೆ ಮಾಡುವುದಲ್ಲ. ವೇಗೋತ್ಕರ್ಷ ಓರೆ ಇದೆ ಅಂತ ಮಾಡುವುದು.

ನಮ್ಮ ಲೆಕ್ಕದಲ್ಲಿ ಇನ್ನೊಂದು ಲಾಭ ಸುಮ್ನೆ ಸಿಗುತ್ತದೆ. ಮೂರು ಬಲಗಳಲ್ಲಿ N ಮತ್ತು f ಎರಡೂ ಹೊಸ ಅಕ್ಷಗಳ ಮೇಲೆಯೇ ಕೂರುತ್ತವೆ. ಒಡೆಯಬೇಕಾದ್ದು ತೂಕ ಒಂದನ್ನೇ. ಗೊತ್ತಿಲ್ಲದ ಬಲಗಳು ಇಡಿಯಾಗಿ ಉಳಿಯುತ್ತವೆ, ಗೊತ್ತಿರುವ ಬಲ ಒಡೆಯುತ್ತದೆ.

ತೂಕವನ್ನು ಒಡೆಯುವುದು: ಕೋನ ಎಲ್ಲಿ ಕೂರುತ್ತದೆ?

x ಅಕ್ಷವನ್ನು ಇಳಿಜಾರಿನ ಉದ್ದಕ್ಕೆ ಕೆಳಮುಖವಾಗಿ ಎಳೆಯಿರಿ. y ಅಕ್ಷವನ್ನು ಇಳಿಜಾರಿಗೆ ಲಂಬವಾಗಿ ಹೊರಗಡೆಗೆ ಎಳೆಯಿರಿ. ಈಗ ತೂಕದ ಬಾಣ ಈ ಎರಡು ಅಕ್ಷಗಳ ನಡುವೆ ಓರೆಯಾಗಿ ಕಾಣುತ್ತದೆ. ಅದು ಯಾವ ಅಕ್ಷದ ಜೊತೆ θ ಕೋನ ಮಾಡುತ್ತದೆ?

ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಅದರ ಮೇಲೆ ಒಂದು ಪೆನ್ನನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಈಗ ಪುಸ್ತಕದ ಒಂದು ಅಂಚನ್ನು ನಿಧಾನಕ್ಕೆ ಎತ್ತಿ, ಪೆನ್ನು ಪುಸ್ತಕಕ್ಕೆ ಲಂಬವಾಗಿಯೇ ಇರಲಿ. ಪುಸ್ತಕ ನೆಲಮಟ್ಟದಿಂದ ಎಷ್ಟು ತಿರುಗಿತೋ ಪೆನ್ನೂ ನೆಟ್ಟಗಿನ ಗೆರೆಯಿಂದ ಅಷ್ಟೇ ತಿರುಗುತ್ತದೆ. ಪುಸ್ತಕವೇ ಇಳಿಜಾರು, ಪೆನ್ನೇ ಲಂಬ ಅಕ್ಷ. ತೂಕ ನೆಟ್ಟಗಿನ ಗೆರೆಯಲ್ಲೇ ಉಳಿದಿದೆ. ಹಾಗಾಗಿ θ ಕೂರುವುದು ತೂಕಕ್ಕೂ ಲಂಬ ಅಕ್ಷಕ್ಕೂ ನಡುವೆ. ಕೋನ ಯಾವ ಅಕ್ಷಕ್ಕೆ ಅಂಟಿಕೊಂಡಿದೆಯೋ ಆ ಅಕ್ಷಕ್ಕೆ ಕೊಸೈನ್.

```
ಇಳಿಜಾರಿನ ಉದ್ದಕ್ಕೆ :  mg sin θ = 39.2 × 0.5   = 19.6 N
ಇಳಿಜಾರಿಗೆ ಲಂಬವಾಗಿ :  mg cos θ = 39.2 × 0.866 = 33.95 N
```

ಅನುಮಾನ ಬಂದರೆ ಇಳಿಜಾರನ್ನು ಮನಸ್ಸಿನಲ್ಲೇ ಪೂರ್ತಿ ಮಲಗಿಸಿ. θ = 0 ಆದಾಗ ಜಾರಿಸುವ ಭಾಗ ಇರಲೇಬಾರದು. sin 0 = 0, ಸರಿ ಇದೆ. ಸೈನ್ ಮತ್ತು ಕೊಸೈನ್ ಅದಲು ಬದಲು ಆಗಿದ್ದರೆ ಸಮತಟ್ಟಾದ ಮೇಜಿನ ಮೇಲೂ ಬ್ಲಾಕ್ ಓಡಬೇಕಾಗುತ್ತಿತ್ತು, ಅಲ್ವಾ?

ಒಡೆದ ಮೇಲೆ ಮೂಲ mg ಬಾಣದ ಮೇಲೆ ಒಂದು ಅಡ್ಡಗೆರೆ ಹೊಡೆದುಬಿಡಿ. ಎರಡು ಭಾಗ ಸೇರಿದರೆ ಅದೇ ತೂಕ. ಮೂರನ್ನೂ ಚಿತ್ರದಲ್ಲಿ ಬಿಟ್ಟರೆ ತೂಕವನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡ ಹಾಗೆ ಆಗುತ್ತದೆ.

ಮೊದಲು ಲಂಬ ಅಕ್ಷ, ಆಮೇಲೆ ಉದ್ದದ ಅಕ್ಷ

ಈ ಕ್ರಮ ಮುಖ್ಯ. ಘರ್ಷಣೆ ಎಷ್ಟು ಆಗಬಹುದು ಅನ್ನುವುದು N ಮೇಲೆ ನಿಂತಿದೆ. N ಸಿಗುವುದು ಲಂಬ ಅಕ್ಷದಿಂದ. ಅಲ್ಲಿ ವೇಗೋತ್ಕರ್ಷ ಸೊನ್ನೆ, ಆದ್ದರಿಂದ N − 33.95 = 0. N = 33.95 N.

ಈಗ ಉದ್ದದ ಅಕ್ಷ. ಇಲ್ಲಿ ಅವಸರ ಮಾಡಿ f = μN ಅಂತ ಬರೆಯಬೇಡಿ. ಮೊದಲು ಬ್ಲಾಕ್ ನಿಂತಿದೆ ಅಂದುಕೊಳ್ಳಿ. ನಿಲ್ಲಲು ಎಷ್ಟು ಘರ್ಷಣೆ ಬೇಕು? 19.6 N ಮೇಲ್ಮುಖವಾಗಿ ಬೇಕು. ಸ್ಥಿರ ಘರ್ಷಣೆ ಜಾಸ್ತಿ ಅಂದರೆ ಎಷ್ಟು ಕೊಡಬಲ್ಲದು? 0.5 × 33.95 = 16.97 N. ಬೇಕಾದ್ದು ಇರುವುದಕ್ಕಿಂತ ಹೆಚ್ಚು. ಹಾಗಾಗಿ ಬ್ಲಾಕ್ ನಿಲ್ಲುವುದಿಲ್ಲ, ಜಾರುತ್ತದೆ.

ಜಾರಲು ಶುರುವಾದ ಮೇಲೆ ಘರ್ಷಣೆ μk N = 0.4 × 33.95 = 13.58 N, ಮೇಲ್ಮುಖವಾಗಿ. ಉಳಿದ ಬಲ 19.6 − 13.58 = 6.02 N. ಅದನ್ನು 4 kg ಇಂದ ಭಾಗಿಸಿದರೆ a = 1.5 m/s². ಹಳೆಯ ಅಕ್ಷಗಳಲ್ಲಿ ಬಂದ ಉತ್ತರವೇ ಬಂತು, ಆದರೆ ಈ ಸಲ ಒಂದು ಸಾಲಿನಲ್ಲಿ.

ನಿಂತಿರುವ ಸ್ಥಿತಿಯ ಪರೀಕ್ಷೆಯಲ್ಲಿ ರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ ಅನ್ನುವುದನ್ನೂ ಗಮನಿಸಿ. ಸುಮ್ಮನೆ ಬಿಟ್ಟ ಬ್ಲಾಕ್ ಜಾರಬೇಕಾದರೆ tan θ > μs ಆಗಬೇಕು, ಅಷ್ಟೇ. tan 30° = 0.577, ಅದು 0.5 ಗಿಂತ ಹೆಚ್ಚು. ಇದೇ ಮೇಲ್ಮೈಯನ್ನು ಸುಮಾರು 26.6° ತನಕ ಮಾತ್ರ ಎತ್ತಿದ್ದರೆ ಬ್ಲಾಕ್ ಜಾರುವ ಅಂಚಿನಲ್ಲಿ ಇರುತ್ತಿತ್ತು. ಬ್ಲಾಕ್ ಭಾರ ಎಷ್ಟೇ ಇರಲಿ ಈ ಕೋನ ಬದಲಾಗುವುದಿಲ್ಲ. ಮೇಲ್ಮೈಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ, ಬ್ಲಾಕ್ ಜಾರಿದ ಕೋನ ಅಳೆದು, ಅದರ ಟ್ಯಾನ್ ತೆಗೆದರೆ μs ಸಿಕ್ಕಿಬಿಡುತ್ತದೆ.

ಘರ್ಷಣೆ ಎತ್ತ ಕಡೆ?

ಅಕ್ಷ ಸರಿ ಹಾಕಿದವರೂ ಜಾಸ್ತಿ ಎಡವುವುದು ಇಲ್ಲಿ. "ಘರ್ಷಣೆ ಯಾವಾಗಲೂ ಇಳಿಜಾರಿನಲ್ಲಿ ಮೇಲ್ಮುಖ" ಅಂತ ಮನಸ್ಸಿನಲ್ಲಿ ಕೂತಿರುತ್ತದೆ. ಅದು ನಿಜ ಅಲ್ಲ. ಘರ್ಷಣೆ ಜಾರುವಿಕೆಗೆ ಎದುರು ನಿಲ್ಲುತ್ತದೆ. ಇನ್ನೂ ಜಾರಿಲ್ಲ ಅಂದರೆ, ಘರ್ಷಣೆ ಇಲ್ಲದಿದ್ದರೆ ಎತ್ತ ಜಾರುತ್ತಿತ್ತೋ ಅದಕ್ಕೆ ಎದುರು.

ನಮ್ಮ ಬ್ಲಾಕಿಗೆ ಒಂದು ಹಗ್ಗ ಕಟ್ಟಿ, ಇಳಿಜಾರಿನ ಉದ್ದಕ್ಕೆ ಮೇಲ್ಮುಖವಾಗಿ P ಬಲದಿಂದ ಎಳೆಯೋಣ. ಬ್ಲಾಕ್ ನಿಂತೇ ಇತ್ತು ಅಂದುಕೊಳ್ಳಿ. P = 5 N ಆದರೆ, ತೂಕದ 19.6 N ನಲ್ಲಿ 14.6 N ಬಾಕಿ ಉಳಿಯುತ್ತದೆ. ಅಷ್ಟನ್ನು ಘರ್ಷಣೆ ಮೇಲ್ಮುಖವಾಗಿ ಕೊಡಬೇಕು. 16.97 ಒಳಗೇ ಇದೆ, ಬ್ಲಾಕ್ ನಿಲ್ಲುತ್ತದೆ. ಘರ್ಷಣೆ ಇಲ್ಲಿ 14.6 N, 16.97 ಅಲ್ಲ. ಸ್ಥಿರ ಘರ್ಷಣೆ ಬೇಕಾದಷ್ಟು ಮಾತ್ರ ಕೊಡುತ್ತದೆ.

P ಹೆಚ್ಚಿಸುತ್ತಾ ಹೋದರೆ ಘರ್ಷಣೆ ಕಡಿಮೆ ಆಗುತ್ತಾ ಬರುತ್ತದೆ. P = 19.6 N ಆದಾಗ ಘರ್ಷಣೆ ಪೂರ್ತಿ ಸೊನ್ನೆ. ಅಷ್ಟು ಒರಟು ಮೇಲ್ಮೈ ಮೇಲೆ ಕೂತಿದ್ದರೂ ಸೊನ್ನೆ! P = 30 N ಆದಾಗ ಹಗ್ಗ 10.4 N ಹೆಚ್ಚು ಎಳೆಯುತ್ತಿದೆ, ಈಗ ಘರ್ಷಣೆ ಕೆಳಮುಖವಾಗಿ ತಿರುಗಿ 10.4 N ಕೊಡುತ್ತದೆ. ಬ್ಲಾಕ್ ಇನ್ನೂ ಅಲುಗಿಲ್ಲ. 19.6 + 16.97 = 36.57 N ದಾಟಿದ ಮೇಲೆಯೇ ಅದು ಮೇಲಕ್ಕೆ ಹೊರಡುತ್ತದೆ. ಕೆಳಗಿನ ಮಿತಿ 19.6 − 16.97 = 2.63 N. ಈ ಎರಡರ ನಡುವೆ P ಎಷ್ಟೇ ಇದ್ದರೂ ಬ್ಲಾಕ್ ನಿಂತಲ್ಲೇ ಇರುತ್ತದೆ.

ದಿಕ್ಕು ಊಹಿಸಲು ಆಗಲಿಲ್ಲ ಅಂದರೂ ದಾರಿ ಇದೆ. ನಿಂತಿದೆ ಅಂದುಕೊಂಡು f ಅನ್ನು ಮೇಲ್ಮುಖ ಅಂತ ಬರೆದು ಬಿಡಿಸಿ. ಉತ್ತರ ಋಣ ಬಂದರೆ ಘರ್ಷಣೆ ಕೆಳಮುಖ ಅಂತ ಅರ್ಥ. ಇದು ಸ್ಥಿರ ಘರ್ಷಣೆಗೆ ಮಾತ್ರ. ಜಾರುವಾಗ f = μk N ಅಂತ ಬರೆಯುತ್ತೀರಲ್ಲ, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ದಿಕ್ಕು ತಪ್ಪಿದರೆ ಚಿಹ್ನೆ ಬದಲಾಗಿ ಎಚ್ಚರಿಸುವುದಿಲ್ಲ, ಉತ್ತರವೇ ತಪ್ಪಾಗಿಬಿಡುತ್ತದೆ. ನಮ್ಮ ಬ್ಲಾಕನ್ನು ಮೇಲಕ್ಕೆ ತಳ್ಳಿ ಕೈ ಬಿಟ್ಟರೆ, ಮೇಲೆ ಹೋಗುವಾಗ ತೂಕದ ಭಾಗವೂ ಘರ್ಷಣೆಯೂ ಎರಡೂ ಕೆಳಮುಖ. ಒಟ್ಟು 33.18 N, ಅಂದರೆ 8.3 m/s² ದರದಲ್ಲಿ ನಿಧಾನ ಆಗುತ್ತದೆ. ತಿರುಗಿ ಕೆಳಗೆ ಬರುವಾಗ ಅದೇ 1.5 m/s². ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮೀಕರಣ ಹಾಕಲು ಬರುವುದಿಲ್ಲ. ಬ್ಲಾಕ್ ತಿರುಗಿದ ಜಾಗದಲ್ಲಿ ನಿಂತು, ಘರ್ಷಣೆಯ ಬಾಣವನ್ನು ತಿರುಗಿಸಿ, ಹೊಸದಾಗಿ ಬರೆಯಬೇಕು.

N ಯಾವಾಗಲೂ mg cos θ ಅಲ್ಲ

ಈಗ ಹಗ್ಗ ಬಿಚ್ಚಿ. ಬ್ಲಾಕನ್ನು ನೆಲಕ್ಕೆ ಸಮಾನಾಂತರವಾಗಿ, ಇಳಿಜಾರಿನ ಕಡೆಗೆ F ಬಲದಿಂದ ತಳ್ಳೋಣ. ಎಷ್ಟು ತಳ್ಳಿದರೆ ಮೇಲಕ್ಕೆ ಹೊರಡುತ್ತದೆ?

ವೇಗೋತ್ಕರ್ಷ ಆದರೆ ಇಳಿಜಾರಿನ ಉದ್ದಕ್ಕೇ ಆಗಬೇಕು. ಆದ್ದರಿಂದ ಅಕ್ಷ ಅದೇ ಓರೆ ಅಕ್ಷ. ಈ ಸಲ ತೂಕದ ಜೊತೆ F ಅನ್ನೂ ಒಡೆಯಬೇಕು. F ನೆಲಕ್ಕೆ ಸಮಾನಾಂತರ, ಇಳಿಜಾರು ನೆಲದ ಜೊತೆ θ ಮಾಡುತ್ತದೆ. ಹಾಗಾಗಿ F ಗೆ θ ಅಂಟಿಕೊಂಡಿರುವುದು ಉದ್ದದ ಅಕ್ಷಕ್ಕೆ. ಉದ್ದಕ್ಕೆ F cos θ ಮೇಲ್ಮುಖ, ಲಂಬವಾಗಿ F sin θ ಇಳಿಜಾರಿನೊಳಕ್ಕೆ. ತೂಕಕ್ಕೆ ಇದ್ದದ್ದು ತಿರುವು ಮುರುವು ಆಯಿತು, ನೋಡಿ. "ಉದ್ದಕ್ಕೆ ಯಾವಾಗಲೂ ಸೈನ್" ಅಂತ ಕಲಿತವರು ಇಲ್ಲಿ ಸಿಕ್ಕಿಬೀಳುತ್ತಾರೆ.

F ಬ್ಲಾಕನ್ನು ಮೇಲ್ಮೈಗೆ ಒತ್ತುತ್ತಲೂ ಇದೆ. ಹಾಗಾಗಿ N ಹೆಚ್ಚುತ್ತದೆ, N ಜೊತೆ ಘರ್ಷಣೆಯ ಮಿತಿಯೂ ಹೆಚ್ಚುತ್ತದೆ.

```
ಲಂಬ   :  N = mg cos θ + F sin θ
ಉದ್ದಕ್ಕೆ :  F cos θ = mg sin θ + μs N     (ಹೊರಡುವ ಅಂಚಿನಲ್ಲಿ)
```

N ಅನ್ನು ಎರಡನೆಯದರಲ್ಲಿ ಹಾಕಿ. 0.866 F = 19.6 + 16.97 + 0.25 F. ಅಂದರೆ 0.616 F = 36.57, F = 59.4 N. ಯಾರಾದರೂ ಅಭ್ಯಾಸ ಬಲದಿಂದ N = mg cos θ ಅಂತಲೇ ಬರೆದಿದ್ದರೆ 42.2 N ಬರುತ್ತಿತ್ತು. ಅಷ್ಟು ತಳ್ಳಿದರೆ ಬ್ಲಾಕ್ ಅಲುಗುವುದೇ ಇಲ್ಲ.

ಈ ಸಮೀಕರಣದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. F ಮುಂದೆ ಕೂತಿರುವುದು cos θ − μs sin θ. ಇಳಿಜಾರು ಕಡಿದಾದಷ್ಟೂ ಇದು ಚಿಕ್ಕದಾಗುತ್ತದೆ. tan θ = 1/μs ಆದಾಗ ಸೊನ್ನೆ. ನಮ್ಮ ಮೇಲ್ಮೈಗೆ ಅದು 63.4°. ಆ ಕೋನಕ್ಕೆ ಬಂದ ಮೇಲೆ ನೆಲಕ್ಕೆ ಸಮಾನಾಂತರವಾಗಿ ಎಷ್ಟೇ ಜೋರಾಗಿ ತಳ್ಳಿದರೂ ಬ್ಲಾಕ್ ಮೇಲಕ್ಕೆ ಹೋಗುವುದಿಲ್ಲ. ನೀವು ಹೆಚ್ಚು ತಳ್ಳಿದಷ್ಟೂ ಘರ್ಷಣೆಯೂ ಅಷ್ಟೇ ಹೆಚ್ಚು ಹಿಡಿಯುತ್ತದೆ. ಕ್ಯಾಲ್ಕುಲೇಟರಿನಲ್ಲಿ F ಋಣ ಬಂದರೆ ಲೆಕ್ಕ ತಪ್ಪಿದೆ ಅಂತ ಹೆದರಬೇಡಿ. ಬ್ಲಾಕ್ ಸಿಕ್ಕಿಕೊಂಡಿದೆ ಅಂತ ಅದು ಹೇಳುತ್ತಿದೆ.

ಓರೆ ಮೇಲ್ಮೈ ಇದ್ದರೂ ಅಕ್ಷ ತಿರುಗಿಸಬಾರದ ಜಾಗ

ತಿರುವಿನಲ್ಲಿ ಹೊರ ಅಂಚನ್ನು ಎತ್ತರಿಸಿದ ರಸ್ತೆಯನ್ನು ನೋಡಿರುತ್ತೀರಿ. ಅದರ ಮೇಲೆ ಒಂದು ಗಾಡಿ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ ಸುತ್ತುತ್ತಿದೆ. ಸದ್ಯಕ್ಕೆ ಘರ್ಷಣೆ ಇಲ್ಲ ಅಂದುಕೊಳ್ಳಿ. ಚಿತ್ರ ಬರೆದರೆ ನಮ್ಮ ಇಳಿಜಾರಿನ ಹಾಗೆಯೇ ಕಾಣುತ್ತದೆ: ಓರೆ ಮೇಲ್ಮೈ, ತೂಕ, N. ಕೈ ತಾನಾಗಿಯೇ ಅಕ್ಷವನ್ನು ಓರೆ ಮಾಡಲು ಹೋಗುತ್ತದೆ.

ನಿಲ್ಲಿ, ವೇಗೋತ್ಕರ್ಷ ಎತ್ತ ಇದೆ ಅಂತ ಕೇಳಿ. ಗಾಡಿ ವೃತ್ತದಲ್ಲಿ ಹೋಗುತ್ತಿದೆ, ವೇಗೋತ್ಕರ್ಷ ವೃತ್ತದ ಕೇಂದ್ರದ ಕಡೆಗೆ, ಅಂದರೆ ನೆಲಕ್ಕೆ ಸಮಾನಾಂತರ. ಗಾಡಿ ಇಳಿಜಾರಿನ ಉದ್ದಕ್ಕೆ ಕೆಳಗೆ ಬರುತ್ತಿಲ್ಲ. ಹಾಗಾಗಿ ಇಲ್ಲಿ ಹಳೆಯ ಅಕ್ಷಗಳೇ ಸರಿ. ನೆಟ್ಟಗಿನ ದಿಕ್ಕಿನಲ್ಲಿ ವೇಗೋತ್ಕರ್ಷ ಸೊನ್ನೆ, ಆದ್ದರಿಂದ N cos θ = mg. ಅಂದರೆ N = mg/cos θ. ಇದು ತೂಕಕ್ಕಿಂತ ಹೆಚ್ಚು! ಜಾರುವ ಬ್ಲಾಕಿನಲ್ಲಿ N ತೂಕಕ್ಕಿಂತ ಕಡಿಮೆ ಇತ್ತು.

ಎರಡೂ ಸೂತ್ರಗಳು ನಿಜ, ಆದರೆ ಅವು ಹೇಳುವುದು ಬೇರೆ ಬೇರೆ ಮಾತು. N = mg cos θ ಅಂದರೆ "ಇಳಿಜಾರಿಗೆ ಲಂಬವಾಗಿ ವೇಗೋತ್ಕರ್ಷ ಇಲ್ಲ, ಬೇರೆ ಬಲವೂ ಒತ್ತುತ್ತಿಲ್ಲ". N cos θ = mg ಅಂದರೆ "ನೆಟ್ಟಗಿನ ದಿಕ್ಕಿನಲ್ಲಿ ವೇಗೋತ್ಕರ್ಷ ಇಲ್ಲ, ಘರ್ಷಣೆಯೂ ಇಲ್ಲ". ಜಾರುವ ಬ್ಲಾಕಿಗೆ ಎರಡನೆಯದನ್ನು ಬರೆದರೆ ಅದು ಕೆಳಕ್ಕೆ ವೇಗ ಹೆಚ್ಚಿಸಿಕೊಳ್ಳುತ್ತಿಲ್ಲ ಅಂತ ಹೇಳಿದ ಹಾಗೆ ಆಗುತ್ತದೆ.

ಹಟ ಹಿಡಿದು ತಿರುವಿನ ಗಾಡಿಗೂ ಓರೆ ಅಕ್ಷ ಹಾಕಿದರೂ ಉತ್ತರ ಸಿಗುತ್ತದೆ, ಒಂದು ಎಚ್ಚರ ಇದ್ದರೆ. ಆಗ a ಎರಡು ಭಾಗ ಆಗುತ್ತದೆ. ಲಂಬ ದಿಕ್ಕಿನಲ್ಲಿ a sin θ ಸಿಗುತ್ತದೆ, ಅದು ಸೊನ್ನೆ ಅಲ್ಲ. N − mg cos θ = m a sin θ ಅಂತ ಬರೆಯಬೇಕು. ಉದ್ದದ ಅಕ್ಷದಿಂದ mg sin θ = m a cos θ, ಅಂದರೆ a = g tan θ. ಅದನ್ನು ಹಾಕಿದರೆ N = mg cos θ + mg sin²θ/cos θ, ಒಟ್ಟುಗೂಡಿಸಿದರೆ mg/cos θ.